ಫ್ರಾಂಚೈಸಿ ಮಳಿಗೆಗಳ ಪುಟ: ಯಾವುದಕ್ಕೆ ಬೀಗ, ಯಾವುದು ಅವರಿಗೆ?

ಕೇಂದ್ರ ಕಚೇರಿಯವಳು

ನಮ್ಮದು ಮನೆಬಳಕೆ ಯಂತ್ರಗಳ ಬ್ರ್ಯಾಂಡ್. ಮಾರಾಟ, ಸರ್ವಿಸ್ ಎರಡೂ ಇದೆ. ಸುಮಾರು 70 ಮಳಿಗೆ, ಎಲ್ಲವೂ ಫ್ರಾಂಚೈಸಿ. ಬ್ರ್ಯಾಂಡಿನ ಸೈಟಿನೊಳಗೇ ಪ್ರತಿ ಮಳಿಗೆಗೂ ಒಂದು ಪುಟ ಇದೆ. ಎಡಿಟ್ ಮಾಡುವ ಲಾಗಿನ್ ಅವರ ಕೈಯಲ್ಲೇ ಇದೆ.

ಈಗ ಒಂದೊಂದಾಗಿ ತೆಗೆದು ನೋಡಿದರೆ ತಲೆ ಕೆಡುತ್ತದೆ. ಒಬ್ಬರು ಶೀರ್ಷಿಕೆಗೆ ಕಡು ಕೆಂಪು ಬಣ್ಣ ಬಳಿದಿದ್ದಾರೆ. ಇನ್ನೊಬ್ಬರು ಲೋಗೋವನ್ನು ಅಡ್ಡಕ್ಕೆ ಎಳೆದು ಹಾಕಿದ್ದಾರೆ. ಮತ್ತೊಬ್ಬರು ನಮ್ಮ ಪುಟದಲ್ಲೇ ಪ್ರತಿಸ್ಪರ್ಧಿ ಕಂಪನಿಯ ಯಂತ್ರವನ್ನೂ ರಿಪೇರಿ ಮಾಡುತ್ತೇವೆ ಎಂದು ಬರೆದಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಮಳಿಗೆಗಳು ಮೊದಲ ದಿನ ಕೊಟ್ಟ ಪುಟವನ್ನು ಇವತ್ತಿಗೂ ಮುಟ್ಟಿಲ್ಲ. ಬ್ರ್ಯಾಂಡ್ ಗೈಡ್ ಪಿಡಿಎಫ್ ಎಲ್ಲರಿಗೂ ಕಳಿಸಿದ್ದೇವೆ. ಯಾರೂ ತೆರೆದ ಹಾಗೆ ಕಾಣುವುದಿಲ್ಲ.

ನಮ್ಮ ಮ್ಯಾನೇಜರ್ ಹೇಳುವುದು: "ಎಲ್ಲರ ಲಾಗಿನ್ ಕಿತ್ತುಕೊಳ್ಳಿ. ಏನು ಬದಲಾಗಬೇಕಿದ್ದರೂ ನಮಗೆ ಮೇಲ್ ಹಾಕಲಿ." ನನಗೆ ಅದು ಸರಿ ಅನ್ನಿಸುತ್ತಿಲ್ಲ, ಆದರೆ ಬದಲಿಗೆ ಏನು ಹೇಳಬೇಕು ಅಂತಲೂ ಗೊತ್ತಾಗುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಮಳಿಗೆ ಮಾಲೀಕ

ಲಾಗಿನ್ ಕಿತ್ತುಕೊಳ್ಳಿ ಮೇಡಂ, ಒಳ್ಳೆಯದೇ. ಮರುದಿನವೇ ನಾವೆಲ್ಲ ನಮ್ಮದೇ ಸೈಟ್ ಮಾಡಿಸಿಕೊಳ್ಳುತ್ತೇವೆ. ನಿಮ್ಮ ಲೋಗೋ ಅಲ್ಲಿ ಇನ್ನೂ ಅಗಲವಾಗಿ ಕಾಣುತ್ತದೆ.

ಬೋರ್ಡ್ ಬರೆಯುವವ

ಲೋಗೋ ಎಳೆಯುವುದು ಎಲ್ಲ ಕಡೆ ಇದ್ದದ್ದೇ. ಮಳಿಗೆ ಮುಂದಿನ ಬೋರ್ಡಿಗೆ ಅಕ್ರಿಲಿಕ್ ಅಕ್ಷರ ಮಾಡಿಸಿ. ಕೇಂದ್ರದಿಂದಲೇ ಅಚ್ಚು ಕಳಿಸಿದರೆ ಯಾರೂ ಅಳತೆ ಬದಲಿಸಲು ಆಗುವುದಿಲ್ಲ.

ಕೇಂದ್ರ ಕಚೇರಿಯವಳು

ಸರ್, ನಾನು ಕೇಳಿದ್ದು ವೆಬ್ ಪುಟದ ಬಗ್ಗೆ 🙂

ಬೋರ್ಡ್ ಬರೆಯುವವ

ಓಹ್. ಆದರೂ ಮಾತು ಅದೇ ಅಲ್ವಾ? ಅಚ್ಚು ನೀವೇ ಕೊಡಿ.

ಹಳೇ ಬೀಗ

ಬೋರ್ಡಿನವರು ಗೊತ್ತಿಲ್ಲದೆಯೇ ಸರಿಯಾಗಿ ಹೇಳಿಬಿಟ್ಟರು. ನಿಯಮವನ್ನು ಪಿಡಿಎಫ್‌ನಲ್ಲಿ ಇಟ್ಟರೆ ಅದು ಬರೀ ವಿನಂತಿ. ಪುಟದ ರಚನೆಯಲ್ಲೇ ಇಟ್ಟರೆ ಅದನ್ನು ಯಾರೂ ಓದಬೇಕಾಗಿಯೇ ಇಲ್ಲ. ಡೀಲರ್ ಪುಟಗಳ ಕೆಲಸ ನಾನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಲೋಗೋ ಎಳೆದಿದ್ದಾರೆ ಎಂದರೆ ನನ್ನ ಮೊದಲ ಪ್ರಶ್ನೆ ಇದು: ಲೋಗೋ ಅಪ್‌ಲೋಡ್ ಮಾಡುವ ಜಾಗ ಅವರಿಗೆ ಸಿಕ್ಕಿದ್ದಾದರೂ ಹೇಗೆ? ಲೋಗೋ ಸೈಟಿನ ಹೆಡರ್‌ನಿಂದ ತಾನಾಗಿ ಬರಬೇಕು. ಬಣ್ಣ, ಅಕ್ಷರ ಶೈಲಿ ಸ್ಟೈಲ್‌ಶೀಟಿನಿಂದ ಬರಬೇಕು. ಡೀಲರ್ ಕಣ್ಣಿಗೆ ಬಣ್ಣದ ಬಟನ್ನೇ ಬೀಳಬಾರದು.

ಆದರೆ ಬೀಗ ಹಾಕುವ ಮೊದಲು ಒಂದು ಕೆಲಸ ಮಾಡಿ. ಕೆಟ್ಟದಾಗಿ ಕಾಣುವ ಹತ್ತು ಹನ್ನೆರಡು ಪುಟ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಡೀಲರ್ ಏನು ಬದಲಿಸಿದ್ದಾರೆ, ಯಾಕೆ ಬದಲಿಸಿರಬಹುದು ಎಂದು ಪಕ್ಕದಲ್ಲಿ ಬರೆಯಿರಿ. ತಪ್ಪು ಎಂದು ಕಾಣುವುದರಲ್ಲಿ ಬಹಳಷ್ಟು, ಅವರಿಗೆ ಹೇಳಬೇಕಾದ ಮಾತಿಗೆ ಪುಟದಲ್ಲಿ ಜಾಗ ಇಲ್ಲದ್ದರಿಂದ ಆದದ್ದು. ಆ ಪಟ್ಟಿ ಇಲ್ಲದೆ ಬೀಗ ಹಾಕಿದರೆ ಮಳಿಗೆ ಮಾಲೀಕರು ಮೇಲೆ ಹೇಳಿದ್ದೇ ಆಗುತ್ತದೆ.

ಸರ್ಚ್ ಹುಚ್ಚ

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಮುಟ್ಟದೇ ಬಿಟ್ಟ ಆ ಪುಟಗಳು. ಎಲ್ಲದರಲ್ಲೂ ಒಂದೇ ಬರಹ ಇದ್ದರೆ ಡ್ಯೂಪ್ಲಿಕೇಟ್ ಕಂಟೆಂಟ್ ಎಂದು ಗೂಗಲ್ ದಂಡ ಹಾಕುತ್ತದೆ. ಸುಲಭದ ದಾರಿ: ಎಲ್ಲ ಮಳಿಗೆ ಪುಟಗಳಿಗೂ ಮುಖ್ಯ ಪುಟಕ್ಕೆ ತೋರಿಸುವ ಕೆನಾನಿಕಲ್ ಟ್ಯಾಗ್ ಹಾಕಿ. ಕಥೆ ಮುಗಿಯಿತು.

ಹಳೇ ಬೀಗ

ಕಥೆ ಮುಗಿಯುತ್ತದೆ, ನಿಜ. ಮಳಿಗೆ ಪುಟಗಳದ್ದು! ಕೆನಾನಿಕಲ್ ಎಂದರೆ "ನನ್ನನ್ನು ಬಿಡಿ, ಆ ಪುಟವನ್ನು ತೋರಿಸಿ" ಎಂದು ಹುಡುಕಾಟ ಯಂತ್ರಕ್ಕೆ ಹೇಳುವುದು. ಗೂಗಲ್ ಆ ಮಾತು ಕೇಳಿದರೆ 70 ಪುಟಗಳೂ ಫಲಿತಾಂಶದಿಂದ ಮಾಯವಾಗುತ್ತವೆ. ಪ್ರತಿ ಮಳಿಗೆ ಪುಟದ ಕೆನಾನಿಕಲ್ ಅದರ ಸ್ವಂತ ವಿಳಾಸಕ್ಕೇ ಇರಬೇಕು.

ದಂಡದ ಮಾತೂ ಪೂರ್ತಿ ಸರಿಯಲ್ಲ. ಮೋಸ ಮಾಡುವ ಉದ್ದೇಶ ಇಲ್ಲದೆ ಒಂದೇ ಬರಹ ಹಲವು ಪುಟದಲ್ಲಿದ್ದರೆ ದಂಡ ಅಂತೇನೂ ಇಲ್ಲ. ಒಂದೇ ತರಹದ ಪುಟಗಳಲ್ಲಿ ಗೂಗಲ್ ಒಂದನ್ನು ಆರಿಸಿ ತೋರಿಸುತ್ತದೆ, ಉಳಿದವನ್ನು ಬದಿಗಿಡುತ್ತದೆ. ಅಪಾಯ ಇರುವುದು ಬೇರೆ ಕಡೆ. ಊರಿನ ಹೆಸರು ಮಾತ್ರ ಬದಲಿಸಿ, ಒಳಗೆ ಏನೂ ಇಲ್ಲದ ಪುಟಗಳನ್ನು ಸಾಲು ಸಾಲಾಗಿ ಮಾಡಿದರೆ ಅದನ್ನು ಡೋರ್‌ವೇ ಪುಟ ಅನ್ನುತ್ತಾರೆ. ಅದು ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲೇ ಇದೆ. ನಿಜವಾದ ಮಳಿಗೆ, ನಿಜವಾದ ವಿಳಾಸ, ಅಲ್ಲಿಯದೇ ಮಾಹಿತಿ ಇದ್ದರೆ ಆ ಚಿಂತೆ ಇಲ್ಲ. ಆ "ಅಲ್ಲಿಯದೇ ಮಾಹಿತಿ" ಡೀಲರ್ ಬಿಟ್ಟು ಬೇರೆ ಯಾರೂ ಬರೆಯಲು ಆಗುವುದಿಲ್ಲ. ಅದಕ್ಕೇ ಲಾಗಿನ್ ಕಿತ್ತುಕೊಳ್ಳಬೇಡಿ ಅನ್ನುವುದು.

ಸರ್ಚ್ ಹುಚ್ಚ

ಕೆನಾನಿಕಲ್ ವಿಷಯ ಒಪ್ಪಿದೆ. ಆದರೆ ಒಂದೇ ತರಹದ ಬರಹ ಒಳ್ಳೆಯದಲ್ಲ ಎನ್ನುವುದಂತೂ ನಿಜ ತಾನೇ?

ಹಳೇ ಬೀಗ

ಅದು ನಿಜ.

ಮಳಿಗೆ ಮಾಲೀಕ

ನಾವು ಯಾಕೆ ಹೀಗೆ ಮಾಡುತ್ತೇವೆ ಎಂದು ಯಾರೂ ಕೇಳುವುದಿಲ್ಲ. ನನ್ನ ಬ್ರ್ಯಾಂಡಿನಲ್ಲಿ (ಹೆಸರು ಬೇಡ) ಎಲ್ಲದಕ್ಕೂ ಅನುಮೋದನೆ ಬೇಕು. ಸ್ಟಾಕ್ ಖಾಲಿ ಮಾಡಬೇಕು ಎಂದು ಒಂದು ವಾರದ ಆಫರ್ ಹಾಕಿದೆ. ಅನುಮೋದನೆ ಬರುವಷ್ಟರಲ್ಲಿ ಆಫರ್ ಮುಗಿದೇ ಹೋಗಿತ್ತು. ಅಲ್ಲಿಂದ ಮುಂದೆ ಮಳಿಗೆಯ ಫೋಟೋ ಹಾಕುವ ಜಾಗದಲ್ಲಿ ಆಫರ್ ಬರೆದ ಚಿತ್ರ ಹಾಕುತ್ತೇನೆ. ಫೋಟೋಗೆ ಅನುಮೋದನೆ ಬೇಡ ನೋಡಿ.

ಪೇಜು ಕಳಕೊಂಡವ

ನನ್ನದು ಬೇರೆ ಗೋಳು. ಇಲ್ಲೇ ಕೇಳಬಹುದಾ? ನಾನು ಹಳೇ ಡೀಲರ್ ಬಿಟ್ಟುಹೋದ ಮಳಿಗೆ ತೆಗೆದುಕೊಂಡೆ. ಗೂಗಲ್ ಮ್ಯಾಪಿನಲ್ಲಿ ಇನ್ನೂ ಅವರ ನಂಬರ್ ಇದೆ. ಗಿರಾಕಿಗಳು ಫೋನ್ ಮಾಡಿದರೆ ಅವರು ಎತ್ತಿ "ಆ ಮಳಿಗೆ ಮುಚ್ಚಿದೆ, ನಮ್ಮ ಹೊಸ ಮಳಿಗೆಗೆ ಬನ್ನಿ" ಅನ್ನುತ್ತಾರೆ. ಬ್ರ್ಯಾಂಡಿನವರನ್ನು ಕೇಳಿದರೆ ಆ ಪ್ರೊಫೈಲ್ ನಮ್ಮ ಹತ್ತಿರ ಇಲ್ಲ ಎನ್ನುತ್ತಾರೆ. ಫೇಸ್‌ಬುಕ್ ಪೇಜೂ ಹಾಗೇ.

ಏಜೆನ್ಸಿ ಬಿಟ್ಟವ

ಇದನ್ನು ನೂರು ಸಲ ನೋಡಿದ್ದೇನೆ. ಡೀಲರ್ ತನ್ನ ಸ್ವಂತ ಮೇಲಿನಿಂದ ಪ್ರೊಫೈಲ್ ಮಾಡಿರುತ್ತಾನೆ. ಇಲ್ಲವೇ ಅವನ ಏಜೆನ್ಸಿ ತನ್ನ ಮೇಲಿನಿಂದ ಮಾಡಿರುತ್ತದೆ. ಅವರೇ ಪ್ರೈಮರಿ ಓನರ್. ನೀವು ಆ ಪ್ರೊಫೈಲಿಗೆ ಮಾಲೀಕತ್ವದ ಕೋರಿಕೆ ಕಳಿಸಿ. ಈಗಿನ ಮಾಲೀಕರಿಗೆ ಉತ್ತರ ಕೊಡಲು 3 ದಿನ ಸಮಯ ಇರುತ್ತದೆ. ಉತ್ತರ ಬರದಿದ್ದರೆ ನೀವೇ ಪರಿಶೀಲನೆ ಮಾಡಿಸಿಕೊಂಡು ತೆಗೆದುಕೊಳ್ಳುವ ಅವಕಾಶ ಸಿಗಬಹುದು. ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು. ಮಳಿಗೆ ನಿಮ್ಮದೇ ಎಂದು ತೋರಿಸುವ ದಾಖಲೆ, ಬೋರ್ಡಿನ ಫೋಟೋ ಸಿದ್ಧವಾಗಿಟ್ಟುಕೊಳ್ಳಿ. ಹೊಸ ಪ್ರೊಫೈಲ್ ಮಾತ್ರ ಮಾಡಬೇಡಿ. ಅದು ಡ್ಯೂಪ್ಲಿಕೇಟ್ ಆಗುತ್ತದೆ, ಹಳೇ ರಿವ್ಯೂಗಳೂ ಕೈಬಿಡುತ್ತವೆ.

ಮೇಡಂ, ನಿಮಗೂ ಇದು ಅನ್ವಯ. ಪ್ರೈಮರಿ ಓನರ್ ಯಾವಾಗಲೂ ಕೇಂದ್ರದ ಖಾತೆ ಇರಲಿ. ಮಳಿಗೆಯವರು ಮ್ಯಾನೇಜರ್ ಆಗಲಿ. ಮ್ಯಾನೇಜರ್ ಸಮಯ ಬದಲಿಸಬಹುದು, ಫೋಟೋ ಹಾಕಬಹುದು, ರಿವ್ಯೂಗೆ ಉತ್ತರ ಬರೆಯಬಹುದು. ಬೇರೆಯವರನ್ನು ಸೇರಿಸಲು, ತೆಗೆಯಲು, ಪ್ರೊಫೈಲನ್ನೇ ಅಳಿಸಲು ಆಗುವುದಿಲ್ಲ.

ಪೇಜು ಕಳಕೊಂಡವ

ಥ್ಯಾಂಕ್ಸ್ ಅಣ್ಣ. ಇವತ್ತೇ ಕಳಿಸುತ್ತೇನೆ.

ಕರಾರು ಓದುವವಳು

ಒಂದು ಮಾತು. ಪ್ರೊಫೈಲ್, ಪೇಜ್, ಡೊಮೇನ್ ಯಾರದು, ಕರಾರು ಮುಗಿದಾಗ ಎಷ್ಟು ದಿನದಲ್ಲಿ ಹಸ್ತಾಂತರ ಆಗಬೇಕು ಎಂಬುದು ಫ್ರಾಂಚೈಸಿ ಒಪ್ಪಂದದಲ್ಲೇ ಇರಬೇಕು. ಜಗಳ ಶುರುವಾದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಹಾಗೆಯೇ ಕೇಂದ್ರದವರು ಬೀಗ ಹಾಕುವ ಉತ್ಸಾಹದಲ್ಲಿ ಬೆಲೆಗೂ ಬೀಗ ಹಾಕಲು ಹೋಗುತ್ತಾರೆ. ಡೀಲರ್ ಸ್ವತಂತ್ರ ವ್ಯಾಪಾರಿ ಆಗಿದ್ದರೆ, ಅವನು ಗಿರಾಕಿಗೆ ಮಾರುವ ಬೆಲೆ ಇದಕ್ಕಿಂತ ಇಳಿಯಬಾರದು ಎಂದು ಬ್ರ್ಯಾಂಡ್ ಕಟ್ಟುಪಾಡು ಹಾಕುವುದು ಹಲವು ದೇಶಗಳ ಸ್ಪರ್ಧಾ ಕಾನೂನಿನಲ್ಲಿ ತಕರಾರಿನ ವಿಷಯ. ಪುಟದ ಅನುಮೋದನೆ ನೆಪದಲ್ಲಿ "ಈ ರಿಯಾಯಿತಿ ಜಾಸ್ತಿ ಆಯಿತು, ತೆಗೆಯಿರಿ" ಎಂದು ಮೇಲ್ ಬರೆಯುವ ಮೊದಲು ನಿಮ್ಮ ವಕೀಲರನ್ನು ಕೇಳಿ. ಆಫರ್ ಹೇಗೆ ಕಾಣಬೇಕು ಎಂಬುದು ಬ್ರ್ಯಾಂಡಿನ ವಿಷಯ. ಎಷ್ಟು ರಿಯಾಯಿತಿ ಎಂಬುದು ಬೇರೆ.

ಕೇಂದ್ರ ಕಚೇರಿಯವಳು

ಬೆಲೆ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಕೇಳುತ್ತೇನೆ.

ಹಳೇ ಬೀಗ ಸರ್, ನೀವು ಹೇಳಿದ ಪಟ್ಟಿ ಮಾಡಿದೆ. ನಿಜ ಹೇಳಬೇಕೆಂದರೆ ನಾನು ಅಂದುಕೊಂಡದ್ದೇ ಬೇರೆ, ಕಂಡದ್ದೇ ಬೇರೆ. ಬಣ್ಣ, ಲೋಗೋ ಕೆಡಿಸಿದವರು ಕಡಿಮೆ. ಹೆಚ್ಚಿನ ಪುಟಗಳಲ್ಲಿ ಇರುವುದು ಬ್ಯಾನರ್ ಚಿತ್ರದೊಳಗೆ ಬರೆದ ಆಫರ್. ಅದರಲ್ಲೂ ಬಹಳಷ್ಟು ಮುಗಿದುಹೋದ ಆಫರ್. ನಂತರ ಬರುವುದು ಚಿತ್ರದ ಮೂಲೆಯಲ್ಲಿ ಬರೆದ ವಾಟ್ಸ್ಆಪ್ ನಂಬರ್. ಆ ಕೆಂಪು ಶೀರ್ಷಿಕೆ ಇತ್ತಲ್ಲ, ಅದರಲ್ಲಿ ಬರೆದದ್ದು "ಹಿಂಭಾಗದ ರಸ್ತೆಯಿಂದ ಬನ್ನಿ, ಮುಂದಿನ ಗೇಟ್ ಮುಚ್ಚಿದೆ" ಅಂತ! ಪಾಪ, ಅದಕ್ಕೆ ನಮ್ಮ ಪುಟದಲ್ಲಿ ಬೇರೆ ಜಾಗವೇ ಇರಲಿಲ್ಲ.

ಹಳೇ ಬೀಗ

ಇದೇ ನೋಡಿ ನಾನು ಹೇಳಿದ್ದು. ನಿಮ್ಮ ಪುಟದಲ್ಲಿ ಮೂರು ಖಾನೆ ಕಡಿಮೆ ಇವೆ: ಆಫರ್, ನೇರ ಸಂಪರ್ಕ, ತುರ್ತು ಸೂಚನೆ. ಅವನ್ನು ಕೊಟ್ಟ ಮೇಲೆ ಬೀಗ ಹಾಕಿ. ಆಗ ಯಾರೂ ಗೊಣಗುವುದಿಲ್ಲ.

ಒಂದು ಮಳಿಗೆ ಪುಟವನ್ನು ಮೇಲಿನಿಂದ ಕೆಳಗೆ ಹೇಗೆ ಹಂಚುತ್ತೇನೆ ಎಂದು ಹೇಳುತ್ತೇನೆ. ಲೋಗೋ, ಬಣ್ಣ, ಮಳಿಗೆ ಹೆಸರಿನ ವಿನ್ಯಾಸ, ವಾರಂಟಿ ಷರತ್ತು, ಯಂತ್ರಗಳ ವಿವರ ಇವೆಲ್ಲ ಕೇಂದ್ರದ್ದು, ಡೀಲರ್‌ಗೆ ಕಾಣಿಸುತ್ತದೆ ಆದರೆ ಮುಟ್ಟಲು ಆಗುವುದಿಲ್ಲ. ಸೇವೆಗಳ ಪಟ್ಟಿ ಆಯ್ಕೆಯದ್ದು: ನೀವು ಬರೆದಿಟ್ಟ ಸೇವೆಗಳಲ್ಲಿ ಅವರು ತಮ್ಮಲ್ಲಿ ಇರುವುದಕ್ಕೆ ಗುರುತು ಹಾಕುತ್ತಾರೆ. ಸ್ವಂತವಾಗಿ ಟೈಪ್ ಮಾಡುವ ಜಾಗ ಇಲ್ಲ. ಪ್ರತಿಸ್ಪರ್ಧಿ ಯಂತ್ರದ ರಿಪೇರಿ ಅಲ್ಲಿಗೇ ನಿಲ್ಲುತ್ತದೆ. ಸಮಯ, ರಜೆ, ಫೋನ್, ದಾರಿ ಸೂಚನೆ, ಮಳಿಗೆಯ ಫೋಟೋ, ಸಿಬ್ಬಂದಿ, "ನಮ್ಮ ಬಗ್ಗೆ" ಎಂಬ ಒಂದು ಪ್ಯಾರಾ ಪೂರ್ತಿ ಅವರದ್ದು. ಆ ಪ್ಯಾರಾ ಅವರ ಮಾತಿನಲ್ಲೇ, ಅವರ ಗಿರಾಕಿಗಳು ಆಡುವ ಭಾಷೆಯಲ್ಲೇ ಇರಲಿ. ಸುಮ್ನೆ 600 ಅಕ್ಷರದ ಮಿತಿ ಹಾಕಿ, ಸಾಕು. ಅದಕ್ಕೆ ಮುಂಚಿತ ಅನುಮೋದನೆ ಬೇಡ. ಪ್ರಕಟವಾದ ಮೇಲೆ ನಿಮಗೊಂದು ಸೂಚನೆ ಬರಲಿ. ನೋಡಿ ತಪ್ಪಿದ್ದರೆ ಹಿಂದಿನ ಆವೃತ್ತಿಗೆ ಮರಳಿಸಿ.

ಮುಂಚಿತ ಅನುಮೋದನೆ ನಾನು ಇಡುವುದು ಒಂದೇ ಕಡೆ, ಆಫರ್‌ನಲ್ಲಿ. ಅದೂ ಒಂದು ಕೆಲಸದ ದಿನದ ಗಡುವಿನೊಂದಿಗೆ. ಆ ಗಡುವಿನಲ್ಲಿ ಕೇಂದ್ರದಿಂದ ಉತ್ತರ ಬರದಿದ್ದರೆ ತಾನಾಗಿ ಪ್ರಕಟ ಆಗಬೇಕು. ಈ ಕೊನೆಯ ನಿಯಮಕ್ಕೆ ಕೇಂದ್ರದವರು ಕುಣಿದಾಡುತ್ತಾರೆ. ಆದರೆ ಅದು ಇಲ್ಲದಿದ್ದರೆ ಮಳಿಗೆ ಮಾಲೀಕರ ಫೋಟೋ ಉಪಾಯ ವಾಪಸ್ ಬರುತ್ತದೆ.

ಕರಾರು ಓದುವವಳು

ತಾನಾಗಿ ಪ್ರಕಟ? ನಾನಂತೂ ಒಪ್ಪುವುದಿಲ್ಲ. ಬ್ರ್ಯಾಂಡಿನ ಡೊಮೇನಿನಲ್ಲಿ ಸುಳ್ಳು ಆಫರ್ ಬಂದರೆ ಗಿರಾಕಿ ಬ್ರ್ಯಾಂಡನ್ನೇ ಹಿಡಿಯುತ್ತಾನೆ, ಡೀಲರನ್ನಲ್ಲ.

ಹಳೇ ಬೀಗ

ಹಾಗಿದ್ದರೆ ಒಂದು ದಿನದಲ್ಲಿ ನೋಡುವ ಒಬ್ಬ ಮನುಷ್ಯನನ್ನು ಇಡಿ. ಎರಡೂ ಬೇಡ ಎಂದರೆ ಹೇಗೆ?

ಕರಾರು ಓದುವವಳು

ಮನುಷ್ಯನನ್ನು ಇಡಿ ಎಂದೇ ನಾನೂ ಹೇಳುವುದು. ಯಂತ್ರ ಒಪ್ಪಿತು ಎಂದು ನಾನು ಎಲ್ಲಿಯೂ ಹೋಗಿ ಹೇಳಲಾರೆ.

ಮಳಿಗೆ ಮಾಲೀಕ

ನೀವಿಬ್ಬರೂ ಜಗಳ ಮಾಡಿ. ನನಗೆ ಒಂದು ದಿನದಲ್ಲಿ ಉತ್ತರ ಬಂದರೆ ಸಾಕು. "ಇಲ್ಲ" ಎಂದು ಬಂದರೂ ಪರವಾಗಿಲ್ಲ.

ಕೋಡ್ ಕಡಿಮೆ

ಮೇಡಂ, ಸೈಟ್ ಯಾವುದರಲ್ಲಿದೆ? ವರ್ಡ್‌ಪ್ರೆಸ್ ಆದರೆ ಬಣ್ಣದ ಬಟನ್ ತೆಗೆಯುವುದು ದೊಡ್ಡ ಕೆಲಸವೇನಲ್ಲ.

ಕೇಂದ್ರ ಕಚೇರಿಯವಳು

ವರ್ಡ್‌ಪ್ರೆಸ್ಸೇ. ಬ್ಲಾಕ್ ಎಡಿಟರ್.

ಕೋಡ್ ಕಡಿಮೆ

ಹಾಗಾದರೆ ಮಳಿಗೆಗೆ ಒಂದು ಪ್ರತ್ಯೇಕ ಪೋಸ್ಟ್ ಟೈಪ್ ಮಾಡಿ, ಅದರ ಜೊತೆಗೇ ಬ್ಲಾಕ್‌ಗಳ ಅಚ್ಚು ಮತ್ತು ಬೀಗ ಕೊಡಿ.

```php
register_post_type( 'outlet', array(
  'label'         => 'Outlets',
  'public'        => true,
  'show_in_rest'  => true,
  'supports'      => array( 'title', 'editor', 'revisions' ),
  'template'      => array(
    array( 'core/image' ),
    array( 'core/paragraph' ),
  ),
  'template_lock' => 'contentOnly',
) );
```

ಇಲ್ಲಿ `all` ಎಂದು ಕೊಟ್ಟರೆ ಬ್ಲಾಕ್ ಸೇರಿಸಲು, ಅಳಿಸಲು, ಜಾಗ ಬದಲಿಸಲು ಆಗುವುದಿಲ್ಲ. ಆದರೆ ಬಣ್ಣ, ಅಕ್ಷರದ ಗಾತ್ರ ಬದಲಿಸುವ ಆಯ್ಕೆಗಳು ಉಳಿದುಕೊಳ್ಳುತ್ತವೆ. ಬಹಳ ಜನ ಇಲ್ಲೇ ಎಡವುತ್ತಾರೆ. ಬೀಗ ಹಾಕಿದ್ದೇವೆ ಎಂದುಕೊಳ್ಳುತ್ತಾರೆ, ಮರುವಾರ ಮತ್ತೆ ಕೆಂಪು ಶೀರ್ಷಿಕೆ! `contentOnly` ಕೊಟ್ಟರೆ ಬರಹ ಮತ್ತು ಚಿತ್ರ ಮಾತ್ರ ಬದಲಿಸಬಹುದು. `revisions` ಬಿಡಬೇಡಿ, ಹಿಂದಿನ ಆವೃತ್ತಿಗೆ ಮರಳಲು ಅದೇ ಬೇಕು.

ಎರಡು ಎಚ್ಚರಿಕೆ. ಅಚ್ಚು ಹೊಸ ಪುಟ ಮಾಡುವಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಈಗಾಗಲೇ ಇರುವ 70 ಪುಟಗಳು ತಾವಾಗಿ ಬದಲಾಗುವುದಿಲ್ಲ, ಅವುಗಳ ವಿಷಯವನ್ನು ಹೊಸ ಅಚ್ಚಿಗೆ ನೀವೇ ಸಾಗಿಸಬೇಕು. ಇನ್ನೊಂದು, ಕೋಡ್ ಎಡಿಟರ್ ತೆರೆದು ನೇರ ಎಚ್‌ಟಿಎಂಎಲ್ ಬರೆಯುವ ಬಾಗಿಲು ಹಾಗೇ ಇರುತ್ತದೆ. ಮಳಿಗೆ ಬಳಕೆದಾರರಿಗೆ ಎಡಿಟರ್ ಸೆಟ್ಟಿಂಗ್‌ನಲ್ಲಿ `codeEditingEnabled` ಅನ್ನು `false` ಮಾಡಿ.

ಸುಮ್ನೆ ಓದ್ತೀನಿ

ಇಷ್ಟೆಲ್ಲ ಬೀಗ ಹಾಕಿದರೂ ಫೋಟೋ ಜಾಗದಲ್ಲಿ ಆಫರ್ ಬರೆದ ಚಿತ್ರ ಹಾಕುವುದನ್ನು ತಡೆಯಲು ಆಗುತ್ತಾ?

ಕೋಡ್ ಕಡಿಮೆ

ಕೋಡಿನಿಂದ ಆಗುವುದಿಲ್ಲ. ಅಗಲ, ಉದ್ದದ ಅನುಪಾತ ಕಟ್ಟಬಹುದು, ಅಷ್ಟೇ.

ಹಳೇ ಬೀಗ

ಅಲ್ಲಿಯೇ ಆಫರ್ ಖಾನೆ ಚೆನ್ನಾಗಿರಬೇಕಾದ್ದು. ಚಿತ್ರದೊಳಗೆ ಬರೆದ ಆಫರಿಗೆ ಕೊನೆಯ ದಿನಾಂಕ ಇಲ್ಲ, ಅದನ್ನು ಸೈಟಿನಲ್ಲಿ ಹುಡುಕಿ ತೆಗೆಯಲೂ ಆಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದುವುದೂ ಇಲ್ಲ. ಖಾನೆಯಲ್ಲಿ ಬರೆದದ್ದು ಪುಟದ ಮೇಲ್ಭಾಗದಲ್ಲಿ, ಬ್ರ್ಯಾಂಡಿನ ಚಂದದ ಪಟ್ಟಿಯಲ್ಲಿ ಕಾಣಲಿ. ಡೀಲರ್ ಮಾಡಿದ ಚಿತ್ರಕ್ಕಿಂತ ಅದು ಚೆನ್ನಾಗಿ ಕಂಡರೆ ಅವರೇ ಅದನ್ನು ಬಳಸುತ್ತಾರೆ. ಶೀರ್ಷಿಕೆ, ಎರಡು ಸಾಲಿನ ವಿವರ, ಶುರುವಿನ ದಿನ, ಮುಗಿಯುವ ದಿನ. ಮುಗಿಯುವ ದಿನ ಖಾಲಿ ಬಿಟ್ಟರೆ ಸೇವ್ ಆಗಬಾರದು.

ಒಂದು ಎಡವಟ್ಟು ಗಮನಿಸಿ. ಪುಟದ ಪ್ರತಿಯನ್ನು ಉಳಿಸಿಟ್ಟು ಅದನ್ನೇ ತೋರಿಸುವ ಪೇಜ್ ಕ್ಯಾಶ್ ಸೈಟಿಗೆ ಇದ್ದರೆ, ಆಫರ್ ಮುಗಿದರೂ ಹಳೇ ಪುಟವೇ ಜನರಿಗೆ ಕಾಣುತ್ತಿರುತ್ತದೆ. ಲಾಗಿನ್ ಆದ ನಿಮಗೆ ಸರಿಯಾಗಿ ಕಾಣುತ್ತದೆ, ಗಿರಾಕಿಗೆ ಮಾತ್ರ ತಪ್ಪು. ಮುಗಿಯುವ ಹೊತ್ತಿಗೆ ಆ ಪುಟದ ಕ್ಯಾಶ್ ಅಳಿಸುವ ವ್ಯವಸ್ಥೆ ಇದೆಯೇ ಎಂದು ಲಾಗಿನ್ ಇಲ್ಲದ ಬ್ರೌಸರಿನಲ್ಲಿ ಪರೀಕ್ಷಿಸಿ.

ಮಳಿಗೆ ಮಾಲೀಕ

ಈಗ ಮಾತು ರುಚಿಸುತ್ತಿದೆ. ಆದರೆ ವಾಟ್ಸ್ಆಪ್ ನಂಬರ್ ವಿಷಯ ಎಲ್ಲರೂ ಜಾರಿಸಿಬಿಟ್ಟಿರಿ.

ಕೇಂದ್ರ ಕಚೇರಿಯವಳು

ಅದು ಸ್ವಲ್ಪ ಕಷ್ಟ. ನಮ್ಮಲ್ಲಿ ಪುಟದಲ್ಲಿ ಇರುವುದು ಕೇಂದ್ರದ ನಂಬರ್, ಅಲ್ಲಿಂದ ಮಳಿಗೆಗೆ ಕರೆ ಹೋಗುತ್ತದೆ. ಎಷ್ಟು ಕರೆ ಬಂತು, ಎಷ್ಟು ಎತ್ತಿದರು ಎಂದು ನಮಗೆ ಗೊತ್ತಾಗಬೇಕು.

ಮಳಿಗೆ ಮಾಲೀಕ

ನನ್ನ ಗಿರಾಕಿ ನನಗೆ ನೇರವಾಗಿ ಫೋನ್ ಮಾಡಬೇಕು. ಮಧ್ಯೆ ನೀವು ಯಾಕೆ? ಆ ಕರೆ ಎತ್ತದಿದ್ದರೆ ಪಕ್ಕದ ಮಳಿಗೆಗೆ ಕಳಿಸುತ್ತೀರಿ ಎಂದು ನಮಗೂ ಗೊತ್ತು.

ಏಜೆನ್ಸಿ ಬಿಟ್ಟವ

ಮಧ್ಯದ ದಾರಿ ಇದೆ. ಪ್ರತಿ ಮಳಿಗೆಗೂ ಅದರದೇ ಟ್ರ್ಯಾಕಿಂಗ್ ನಂಬರ್ ಕೊಡಿ, ಅದು ನೇರ ಆ ಮಳಿಗೆಯಲ್ಲೇ ರಿಂಗ್ ಆಗಲಿ. ಕೇಂದ್ರಕ್ಕೆ ಲೆಕ್ಕ ಮಾತ್ರ ಸಿಗಲಿ. ಗೂಗಲ್ ಪ್ರೊಫೈಲಿನಲ್ಲಿ ಟ್ರ್ಯಾಕಿಂಗ್ ನಂಬರನ್ನು ಮುಖ್ಯ ನಂಬರ್ ಮಾಡಿ, ಮಳಿಗೆಯ ಸ್ವಂತ ನಂಬರನ್ನು ಹೆಚ್ಚುವರಿ ನಂಬರ್ ಆಗಿ ಸೇರಿಸಬಹುದು.

ಮಳಿಗೆ ಮಾಲೀಕ

ಕರಾರು ಮುಗಿದ ದಿನ ಆ ನಂಬರ್ ಯಾರ ಹತ್ತಿರ ಉಳಿಯುತ್ತದೆ?

ಏಜೆನ್ಸಿ ಬಿಟ್ಟವ

ಕೇಂದ್ರದ ಹತ್ತಿರ.

ಮಳಿಗೆ ಮಾಲೀಕ

ಹಾಂ. ಅಲ್ಲೇ ಬಂತು ನೋಡಿ.

ಪೇಜು ಕಳಕೊಂಡವ

ಇಲ್ಲಿ ನಾನು ಕೇಂದ್ರದ ಕಡೆ. ನಂಬರ್ ಡೀಲರ್ ಕೈಯಲ್ಲಿ ಇದ್ದರೆ ಏನಾಗುತ್ತದೆ ಎಂದು ನಾನು ದಿನಾ ಅನುಭವಿಸುತ್ತಿದ್ದೇನೆ.

ಸರ್ಚ್ ಹುಚ್ಚ

ಗೂಗಲ್ ಪ್ರೊಫೈಲಿನ ಹೆಸರಿನ ಬಗ್ಗೆಯೂ ಹೇಳಿ. ನಮ್ಮ ಕಡೆ ಡೀಲರ್‌ಗಳು ಬ್ರ್ಯಾಂಡ್ ಹೆಸರಿನ ಪಕ್ಕ "ಉತ್ತಮ ಸರ್ವಿಸ್ ಸೆಂಟರ್, ಮನೆಗೇ ಬಂದು ರಿಪೇರಿ" ಎಂದೆಲ್ಲ ಸೇರಿಸುತ್ತಾರೆ. ರ‍್ಯಾಂಕ್ ಮೇಲೆ ಬರುತ್ತದೆ, ಅದು ಸುಳ್ಳಲ್ಲ.

ಹಳೇ ಬೀಗ

ಮೇಲೆ ಬರಬಹುದು. ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಅಮಾನತು ಆಗಲೂಬಹುದು. ಬೋರ್ಡಿನಲ್ಲಿ ಏನು ಹೆಸರಿದೆಯೋ ಅದೇ ಇರಬೇಕು ಎನ್ನುವುದು ಗೂಗಲ್ ನಿಯಮ. ಸರಣಿ ಮಳಿಗೆಗಳಲ್ಲಿ ಎಲ್ಲ ಕಡೆ ಒಂದೇ ಹೆಸರು, ಒಂದೇ ಮುಖ್ಯ ವರ್ಗ. ಇದು ಕೇಂದ್ರವೇ ಹಿಡಿದುಕೊಳ್ಳಬೇಕಾದ ಸಂಗತಿ. ಕಷ್ಟ ಏನೆಂದರೆ ಮ್ಯಾನೇಜರ್ ಅಧಿಕಾರ ಇರುವವರು ಹೆಸರನ್ನೂ ಬದಲಿಸಬಹುದು, ದಾರಿಹೋಕರು ಕೂಡ ತಿದ್ದುಪಡಿ ಸೂಚಿಸಬಹುದು. ಇಲ್ಲಿ ಪುಟದ ಹಾಗೆ ಬೀಗ ಇಲ್ಲ, ಕಾವಲು ಮಾತ್ರ. ತಿಂಗಳಿಗೊಮ್ಮೆ ಎಲ್ಲ ಪ್ರೊಫೈಲ್‌ಗಳ ಹೆಸರು, ವರ್ಗ, ಫೋನ್, ವೆಬ್ ವಿಳಾಸವನ್ನು ಒಂದು ಶೀಟಿಗೆ ಇಳಿಸಿ ನಿಮ್ಮ ಮೂಲ ಪಟ್ಟಿಯೊಂದಿಗೆ ಹೋಲಿಸಿ. ಬೇರೆ ಬಂದ ಸಾಲುಗಳನ್ನು ಮಾತ್ರ ನೋಡಿದರೆ ಸಾಕು.

ಅಂದ ಹಾಗೆ ಆ ವೆಬ್ ವಿಳಾಸ ಬ್ರ್ಯಾಂಡಿನ ಮುಖಪುಟ ಆಗದೆ ಆ ಮಳಿಗೆಯ ಪುಟವೇ ಆಗಿರಲಿ. ಪುಟದ ವಿಳಾಸದಲ್ಲಿ ಡೀಲರ್ ಹೆಸರು ಬೇಡ, ಮಳಿಗೆ ಇರುವ ಜಾಗದ ಹೆಸರಿರಲಿ. ಡೀಲರ್ ಬದಲಾದರೂ ವಿಳಾಸ ಉಳಿಯುತ್ತದೆ.

ಕೇಂದ್ರ ಕಚೇರಿಯವಳು

ಇನ್ನೊಂದು ಗೊಂದಲ. ನಮ್ಮ ವಾರಂಟಿ ಷರತ್ತು ಬದಲಾಯಿತು. ಮುಖ್ಯ ಪುಟದಲ್ಲಿ ತಿದ್ದಿದೆವು. ಮಳಿಗೆ ಪುಟಗಳಲ್ಲಿ ಹಳೆಯದೇ ಉಳಿದಿದೆ. ಮುಟ್ಟದೇ ಬಿಟ್ಟ ಪುಟಗಳಲ್ಲೂ!

ಕೋಡ್ ಕಡಿಮೆ

ಪುಟ ಮಾಡುವಾಗ ಆ ಬರಹವನ್ನು ಕಾಪಿ ಮಾಡಿ ಹಾಕಿದ್ದೀರಿ, ಅದಕ್ಕೇ. 70 ಕಾಪಿ ಎಂದರೆ 70 ಬೇರೆ ಬೇರೆ ಬರಹ. ಬ್ರ್ಯಾಂಡಿನ ಬರಹ ಒಂದೇ ಕಡೆ ಇದ್ದು, ಪುಟಗಳು ಅದನ್ನು ಎಳೆದುಕೊಂಡು ತೋರಿಸಬೇಕು. ವರ್ಡ್‌ಪ್ರೆಸ್‌ನಲ್ಲಿ ಸಿಂಕ್ ಆದ ಪ್ಯಾಟರ್ನ್ ಇದಕ್ಕೇ ಇರುವುದು. 6.6ರಿಂದ ಅದರಲ್ಲಿ ಓವರ್‌ರೈಡ್ ಸೌಲಭ್ಯ ಬಂದಿದೆ. ವಿನ್ಯಾಸ ಒಂದೇ ಕಡೆಯಿಂದ ಬರುತ್ತದೆ, ನೀವು ಹೇಳಿದ ಬ್ಲಾಕಿನ ಬರಹ ಮಾತ್ರ ಪ್ರತಿ ಪುಟದಲ್ಲಿ ಬೇರೆ ಇರಬಹುದು. ವಾರಂಟಿಗೆ ಓವರ್‌ರೈಡ್ ಕೊಡಬೇಡಿ, "ನಮ್ಮ ಬಗ್ಗೆ"ಗೆ ಕೊಡಿ.

ಹಳೇ ಬೀಗ

ಇದಕ್ಕೊಂದು ಬಾಲ ಇದೆ. ಡೀಲರ್ ಏನೂ ಬರೆಯದಿದ್ದರೆ ಕೇಂದ್ರದ ಬರಹ ಕಾಣಲಿ ಎಂದು ಇಟ್ಟಿರುತ್ತೀರಿ. ಡೀಲರ್ ಒಮ್ಮೆ ತನ್ನದು ಬರೆದ ಮೇಲೆ ಕೇಂದ್ರದ ಹೊಸ ಬರಹ ಅಲ್ಲಿಗೆ ತಲುಪುವುದಿಲ್ಲ. ಯಾವ ಪುಟದಲ್ಲಿ ಯಾರು ಯಾವಾಗ ಬರೆದರು ಎಂಬ ದಿನಾಂಕದ ಪಟ್ಟಿ ನಿಮ್ಮ ಬಳಿ ಇರಬೇಕು. ಕೇಂದ್ರದ ಬರಹ ಬದಲಾದಾಗ, ಅದಕ್ಕಿಂತ ಹಿಂದೆ ಬರೆದವರಿಗೆ ಮಾತ್ರ "ಒಮ್ಮೆ ನೋಡಿ" ಎಂದು ಮೇಲ್ ಹೋಗಲಿ. ಎಲ್ಲರಿಗೂ ಕಳಿಸಿದರೆ ನಿಮ್ಮ ಪಿಡಿಎಫ್‌ಗೆ ಆದ ಗತಿಯೇ ಆಗುತ್ತದೆ.

ಸುಮ್ನೆ ಓದ್ತೀನಿ

ರಿವ್ಯೂಗೆ ಉತ್ತರ ಯಾರು ಬರೆಯಬೇಕು? ನಮ್ಮಲ್ಲಿ ಕೇಂದ್ರದವರು ಎಲ್ಲದಕ್ಕೂ ಒಂದೇ ವಾಕ್ಯ ಅಂಟಿಸುತ್ತಾರೆ. ಯಂತ್ರ ಸುಟ್ಟುಹೋಯಿತು ಎಂದು ಬರೆದವನಿಗೂ "ನಿಮ್ಮ ಪ್ರೀತಿಗೆ ಧನ್ಯವಾದ".

ಏಜೆನ್ಸಿ ಬಿಟ್ಟವ

😂 ಆ ವಾಕ್ಯ ಬರೆದವರಲ್ಲಿ ನನ್ನ ಹಳೇ ಸಹೋದ್ಯೋಗಿಗಳೂ ಇರಬಹುದು. ಮಳಿಗೆಯವರೇ ಬರೆಯಲಿ. ಸುರಕ್ಷತೆ, ಗಾಯ, ಕಾನೂನು ಎಂಬ ಮಾತು ಬಂದ ರಿವ್ಯೂ ಮಾತ್ರ ಕೇಂದ್ರಕ್ಕೆ ಹೋಗಲಿ.

ಕೇಂದ್ರ ಕಚೇರಿಯವಳು

ಸರಿ, ಮ್ಯಾನೇಜರ್‌ಗೆ ಹೀಗೆ ಬರೆದು ಕಳಿಸುತ್ತಿದ್ದೇನೆ: ಲಾಗಿನ್ ಉಳಿಯಲಿ, ಮೊದಲು ಆಫರ್ ಮತ್ತು ಸೂಚನೆ ಖಾನೆ ಸೇರಿಸೋಣ, ಐದಾರು ಮಳಿಗೆಗಳಲ್ಲಿ ಹೊಸ ಅಚ್ಚು ಓಡಿಸಿ ನೋಡೋಣ. ಆಫರ್ ನೋಡಲು ಒಬ್ಬರನ್ನು ಇಡೋಣ, ತಾನಾಗಿ ಪ್ರಕಟ ಆಗುವುದು ಸದ್ಯಕ್ಕೆ ಬೇಡ. ನಂಬರ್ ವಿಷಯ ಡೀಲರ್ ಸಭೆಗೆ ಬಿಟ್ಟಿದ್ದೇನೆ.

ಹಳೇ ಬೀಗ

ಆ ಐದಾರರಲ್ಲಿ ಕೆಂಪು ಶೀರ್ಷಿಕೆಯವರೂ ಇರಲಿ. ಮಾತು ಕೇಳುವವರನ್ನೇ ಆರಿಸಿದರೆ ಅಚ್ಚು ಎಲ್ಲಿ ಒಡೆಯುತ್ತದೆ ಎಂದು ಗೊತ್ತಾಗುವುದಿಲ್ಲ.

ಮಳಿಗೆ ಮಾಲೀಕ

ಡೀಲರ್ ಸಭೆಗೆ ಬಿಟ್ಟರೆ ಆ ನಂಬರ್ ವಿಷಯ ಈ ವರ್ಷ ಮುಗಿಯುವುದಿಲ್ಲ, ಬರೆದಿಟ್ಟುಕೊಳ್ಳಿ.

ಬೋರ್ಡ್ ಬರೆಯುವವ

ಅಷ್ಟರೊಳಗೆ ಬೋರ್ಡ್ ಬೇಕಾದರೆ ಹೇಳಿ.